ದಾರಿಹೋಕನ ಹಿಂದೆ ಅಡಗಿದ್ದ ಗೋಡೆ

ಮಕ್ಕಳೇ, ಒಂದು ಶಾಲೆಯ ಅಂಗಳವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ಸುಣ್ಣ ಬಳಿದ ಉದ್ದನೆಯ ಗೋಡೆ. ಗೋಡೆಯ ಎಡತುದಿಯಲ್ಲಿ ನೋಟಿಸ್ ಬೋರ್ಡು. ಬಲತುದಿಯಲ್ಲಿ ಬೇವಿನ ಮರದ ಕೊಂಬೆಯೊಂದು ಇಳಿಬಿದ್ದಿದೆ. ಮುಂದೆ, ಕ್ಯಾಮೆರಾಕ್ಕೆ ಹತ್ತಿರದಲ್ಲಿ, ಎರಡು ಜಡೆಯ ಹುಡುಗಿಯೊಬ್ಬಳು ನಿಂತು ಪದ್ಯ ಹೇಳುತ್ತಿದ್ದಾಳೆ. ಶಾಲೆಯ ವಾರ್ಷಿಕೋತ್ಸವದಲ್ಲಿ ತೋರಿಸುವ ವೀಡಿಯೊ ಅದು. ಅವಳು ಎಲ್ಲೂ ತಡವರಿಸದೆ ಹೇಳುತ್ತಿರುವಾಗಲೇ, ಕಪ್ಪು ಅಂಗಿ, ಬಿಳಿ ಪಂಚೆಯವರೊಬ್ಬರು ಕೈಚೀಲ ಹಿಡಿದುಕೊಂಡು ಗೋಡೆಯುದ್ದಕ್ಕೂ ಎಡದಿಂದ ಬಲಕ್ಕೆ ನಡೆದು ಹೋಗಿಬಿಟ್ಟರು.

ಪದ್ಯ ಚೆನ್ನಾಗಿ ಬಂದಿದೆ, ಆದರೆ ಹಿಂದೆ ದಾರಿಹೋಕರು ಇದ್ದಾರೆ. ಸಿನಿಮಾ ತೆಗೆಯುವವರಿಗೆ ಇದು ಮೇಲಿಂದ ಮೇಲೆ ಎದುರಾಗುವ ತೊಂದರೆ. ಅವರು ಏನು ಮಾಡುತ್ತಾರೆ ಗೊತ್ತೇ? ದಾರಿಹೋಕರನ್ನು ಚಿತ್ರದಿಂದ ಅಳಿಸಿಬಿಡುತ್ತಾರೆ. ಅದು ಹೇಗೆ ಅಂತ ಇವತ್ತು ಒಟ್ಟಿಗೆ ನೋಡೋಣ.

ಅಳಿಸುವುದೇನೋ ಸುಲಭ. ಕತ್ತರಿಯಿಂದ ಕತ್ತರಿಸಿದ ಹಾಗೆ ಅವರನ್ನು ಚಿತ್ರದಿಂದ ತೆಗೆದರಾಯಿತು. ಆದರೆ ಆಗ ಅವರಿದ್ದ ಜಾಗದಲ್ಲಿ ಒಂದು ತೂತು ಉಳಿಯುತ್ತದಲ್ಲ, ಅದನ್ನು ಏನಿಂದ ತುಂಬುವುದು? ಅವರ ಬೆನ್ನ ಹಿಂದೆ ಗೋಡೆ ಇತ್ತು. ಆ ಗೋಡೆಯ ಚೂರು ಬೇಕು. ಅದು ಎಲ್ಲಿ ಸಿಗುತ್ತದೆ? ಅದೇ ವೀಡಿಯೊದಲ್ಲೇ ಇದೆ! ಅವರು ಅಲ್ಲಿಗೆ ಬರುವ ಮೊದಲು ಆ ಗೋಡೆ ಕಾಣುತ್ತಿತ್ತು. ಅವರು ಮುಂದೆ ಹೋದ ಮೇಲೆ ಮತ್ತೆ ಕಂಡಿತು. ನಡೆದು ಹೋಗುವ ಮನುಷ್ಯ ಗೋಡೆಯ ಒಂದೊಂದೇ ತುಂಡನ್ನು ಮುಚ್ಚುತ್ತಾ, ಹಿಂದಿನ ತುಂಡನ್ನು ಬಿಟ್ಟುಕೊಡುತ್ತಾ ಹೋಗುತ್ತಾನೆ. ಬೇರೆ ಬೇರೆ ಹೊತ್ತಿನಲ್ಲಿ ಕಂಡ ತುಂಡುಗಳನ್ನು ಕೂಡಿಸಿದರೆ ಪೂರ್ತಿ ಖಾಲಿ ಗೋಡೆಯ ಚಿತ್ರ ಸಿದ್ಧ. ಹೀಗೆ ಸಿದ್ಧವಾದ ಖಾಲಿ ಚಿತ್ರಕ್ಕೆ ಸಿನಿಮಾದವರು ‘ಕ್ಲೀನ್ ಪ್ಲೇಟ್’ ಅನ್ನುತ್ತಾರೆ.

ಇದಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ಷರತ್ತು ಇದೆ. ಕ್ಯಾಮೆರಾ ಅಲುಗಾಡಬಾರದು. ಯಾಕೆ ಅಂತ ತಿಳಿಯಲು ಸೊಳ್ಳೆ ಪರದೆ ಹಾಕಿದ ಕಿಟಕಿಯ ಮುಂದೆ ಕುಳಿತುಕೊಳ್ಳಿ. ಗಲ್ಲವನ್ನು ಮೇಜಿನ ಮೇಲೆ ಊರಿ, ಒಂದು ಕಣ್ಣು ಮುಚ್ಚಿ ಹೊರಗೆ ನೋಡಿ. ಜಾಲರಿಯ ಒಂದು ಕಣ್ಣಿನಲ್ಲಿ ಬಾವಿಕಟ್ಟೆಯ ಮೂಲೆ ಕಾಣುತ್ತಿದೆ ಅಂದುಕೊಳ್ಳಿ. ನೀವು ತಲೆ ಅಲ್ಲಾಡಿಸದೆ ಇರುವಷ್ಟು ಹೊತ್ತೂ ಆ ಕಣ್ಣಿನಲ್ಲಿ ಅದೇ ಮೂಲೆ ಇರುತ್ತದೆ. ಒಂದು ಕೋಳಿ ಅಡ್ಡ ಬಂದರೆ ಸ್ವಲ್ಪ ಹೊತ್ತು ಕೋಳಿ ಕಾಣುತ್ತದೆ, ಅದು ಹೋದ ಮೇಲೆ ಮತ್ತೆ ಬಾವಿಕಟ್ಟೆ. ಈಗ ತಲೆಯನ್ನು ಒಂದೇ ಬೆರಳಿನಷ್ಟು ಸರಿಸಿ. ಅದೇ ಜಾಲರಿಯ ಕಣ್ಣಿನಲ್ಲಿ ಬೇರೇನೋ ಬಂದುಬಿಟ್ಟಿತು!

ವೀಡಿಯೊ ಚಿತ್ರವೂ ಹೀಗೆ ಚೌಕಗಳಿಂದ ಆದದ್ದು. ಆ ಚೌಕಗಳಿಗೆ ಪಿಕ್ಸೆಲ್ ಅಂತ ಹೆಸರು. ಮೊಬೈಲ್ ಪರದೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ನೀರಿನ ಹನಿ ಇಟ್ಟು ನೋಡಿದರೆ, ಹನಿ ಭೂತಗನ್ನಡಿಯಂತೆ ಕೆಲಸ ಮಾಡಿ ಪರದೆಯ ಬಣ್ಣದ ಚುಕ್ಕಿಗಳನ್ನು ದೊಡ್ಡದಾಗಿ ತೋರಿಸುತ್ತದೆ. ಸಾಮಾನ್ಯ ಎಚ್‌ಡಿ ವೀಡಿಯೊದಲ್ಲಿ ಅಡ್ಡಸಾಲಿಗೆ 1920 ಪಿಕ್ಸೆಲ್‌ಗಳು, ಇಂಥ ಸಾಲುಗಳು 1080. ಕ್ಯಾಮೆರಾ ಮುಕ್ಕಾಲಿಯ ಮೇಲೆ ಭದ್ರವಾಗಿ ಕುಳಿತಿದ್ದರೆ, ಪ್ರತಿ ಪಿಕ್ಸೆಲ್ಲೂ ಅಂಗಳದ ಒಂದೇ ಜಾಗವನ್ನು ಕಾವಲು ಕಾಯುತ್ತಿರುತ್ತದೆ. ಹೀಗೆ ಕದಲದೆ ತೆಗೆದ ದೃಶ್ಯವನ್ನು ‘ಲಾಕ್ ಮಾಡಿದ ಶಾಟ್’ ಎನ್ನುತ್ತಾರೆ.

ಈಗ ಗೋಡೆಯ ನಡುವಿನ ಒಂದೇ ಪಿಕ್ಸೆಲ್ ಅನ್ನು ಹಿಡಿದುಕೊಳ್ಳೋಣ. ಅದರ ಹೊಳಪನ್ನು ಕಂಪ್ಯೂಟರು ಅಂಕಿಯಲ್ಲಿ ಬರೆದಿಡುತ್ತದೆ. ಸಂಪೂರ್ಣ ಕಪ್ಪಿಗೆ 0, ಅಪ್ಪಟ ಬಿಳಿಗೆ 255. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿಗಳಿರುತ್ತವೆ. ಮೂರಕ್ಕೂ ಲೆಕ್ಕ ಒಂದೇ, ಹಾಗಾಗಿ ನಮಗೆ ಒಂದು ಸಾಕು. ನಮ್ಮ ವೀಡಿಯೊ 10 ಸೆಕೆಂಡಿನದು. ಎರಡು ಸೆಕೆಂಡಿಗೊಂದರಂತೆ ಅದರಿಂದ ಐದು ಚಿತ್ರಗಳನ್ನು ಆರಿಸಿಕೊಂಡೆವು ಅನ್ನಿ. ನಮ್ಮ ಪಿಕ್ಸೆಲ್ ಆ ಐದು ಹೊತ್ತಿನಲ್ಲಿ ಹೇಳಿದ ಅಂಕಿಗಳು ಇವು: 181, 183, 62, 180, 182. ಮೂರನೆಯದನ್ನು ನೋಡಿ, ಒಮ್ಮೆಲೇ 62ಕ್ಕೆ ಇಳಿದಿದೆ. ಆ ಹೊತ್ತಿಗೆ ಕಪ್ಪು ಅಂಗಿ ಅಡ್ಡ ಬಂದಿತ್ತು.

ಐದನ್ನೂ ಕೂಡಿಸಿ ಐದರಿಂದ ಭಾಗಿಸಿ ಸರಾಸರಿ ತೆಗೆದರೆ? ಒಟ್ಟು 788, ಸರಾಸರಿ 157.6. ಇದು ಗೋಡೆಯೂ ಅಲ್ಲ, ಅಂಗಿಯೂ ಅಲ್ಲ. ಎಲ್ಲ ಪಿಕ್ಸೆಲ್‌ಗಳಿಗೂ ಹೀಗೇ ಮಾಡಿದರೆ ಗೋಡೆಯ ಮೇಲೆ ಆರ್‌ಪಾರ್ ಕಾಣುವ ದೆವ್ವದಂಥ ಮಸುಕು ಆಕಾರಗಳು ನಿಲ್ಲುತ್ತವೆ.

ಸರಾಸರಿಯ ಬದಲು ಇನ್ನೊಂದು ಉಪಾಯ ಮಾಡೋಣ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ: 62, 180, 181, 182, 183. ಈಗ ಸರಿಯಾಗಿ ನಡುವೆ ನಿಂತದ್ದನ್ನು ಎತ್ತಿಕೊಳ್ಳಿ. 181. ಗೋಡೆಯ ಹೊಳಪು ಸಿಕ್ಕೇಬಿಟ್ಟಿತು! ಗಣಿತದ ಪುಸ್ತಕದಲ್ಲಿ ನೀವು ಓದುವ ಮಧ್ಯಾಂಕ ಇದೇ. 62 ಅನ್ನುವ ಅಂಕಿ ಸಾಲಿನ ತುದಿಗೆ ಹೋಗಿ ನಿಂತುಕೊಂಡಿತು, ನಡುವಿನದನ್ನು ಅದು ಮುಟ್ಟಲೇ ಇಲ್ಲ. ಅದು 62ರ ಬದಲು 5 ಆಗಿದ್ದರೂ ಉತ್ತರ 181. ಅಂಗಿ ಬಿಳಿಯದಾಗಿ 250 ಆಗಿದ್ದರೆ ಸಾಲಿನ ಇನ್ನೊಂದು ತುದಿಗೆ ಹೋಗುತ್ತಿತ್ತು, ಆಗ ಉತ್ತರ 182. ಹೇಗಾದರೂ ಗೋಡೆಯೇ ಸಿಗುತ್ತದೆ. ಕಂಪ್ಯೂಟರು ಇದೇ ಕೆಲಸವನ್ನು ಒಂದೊಂದು ಪಿಕ್ಸೆಲ್‌ಗೂ ಮಾಡುತ್ತದೆ. 1920ನ್ನು 1080ರಿಂದ ಗುಣಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಲ! ಕೊನೆಗೆ ನೋಡಿದರೆ ಗೋಡೆ ಖಾಲಿ.

ಎರಡು ಸೆಕೆಂಡು ಬಿಟ್ಟು ಬಿಟ್ಟು ಚಿತ್ರ ಆರಿಸಿದ್ದು ಯಾಕೆ ಅಂತ ಯಾರಾದರೂ ಕೇಳಿದಿರಾ? ಒಳ್ಳೆಯ ಪ್ರಶ್ನೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ, ಒಂದೊಂದನ್ನೂ ಫ್ರೇಮ್ ಅನ್ನುತ್ತಾರೆ. ನಮ್ಮ ದಾರಿಹೋಕರು ಚಿತ್ರದ ಈ ತುದಿಯಿಂದ ಆ ತುದಿಗೆ 6 ಸೆಕೆಂಡಿನಲ್ಲಿ ದಾಟಿದರು ಅನ್ನೋಣ. ಅಂದರೆ ಸೆಕೆಂಡಿಗೆ 320 ಪಿಕ್ಸೆಲ್. ಚಿತ್ರದಲ್ಲಿ ಅವರ ಅಗಲ 160 ಪಿಕ್ಸೆಲ್ ಇದ್ದರೆ, ಗೋಡೆಯ ಯಾವುದೇ ಒಂದು ಬಿಂದುವನ್ನು ಅವರು ಮುಚ್ಚುವುದು ಅರ್ಧ ಸೆಕೆಂಡು ಮಾತ್ರ, 12 ಫ್ರೇಮು. ಒಂದರ ಹಿಂದೊಂದು ಬರುವ ಐದು ಫ್ರೇಮುಗಳನ್ನು ಆರಿಸಿದ್ದರೆ ಐದರಲ್ಲೂ ಅಂಗಿಯೇ ಇರಬಹುದಿತ್ತು. ಆಗ ನಡುವಿನ ಅಂಕಿಯೂ ಅಂಗಿಯದೇ. ದೂರ ದೂರದ ಹೊತ್ತಿನ ಚಿತ್ರ ತೆಗೆದುಕೊಂಡರೆ ಅವರು ಪ್ರತಿಯೊಂದರಲ್ಲೂ ಬೇರೆ ಬೇರೆ ಕಡೆ ಸಿಗುತ್ತಾರೆ. ಇಲ್ಲವಾದರೆ 10 ಸೆಕೆಂಡಿನ ಎಲ್ಲ 240 ಫ್ರೇಮುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 240ರಲ್ಲಿ 12 ಏನೂ ಅಲ್ಲ.

ಆದರೆ ಅವರು ನಡೆಯುತ್ತಾ ನಡೆಯುತ್ತಾ ನೋಟಿಸ್ ಬೋರ್ಡಿನ ಮುಂದೆ ನಿಂತು ಓದತೊಡಗಿದ್ದರೆ? ಅಲ್ಲೇ 6 ಸೆಕೆಂಡು ನಿಂತರು ಅನ್ನಿ. 240 ಫ್ರೇಮುಗಳಲ್ಲಿ 144ರಲ್ಲಿ ಆ ಜಾಗದಲ್ಲಿ ಅವರೇ. ಸಾಲು ಮಾಡಿ ನಡುವಿನದನ್ನು ಎತ್ತಿದರೆ ಅಂಗಿಯೇ ಕೈಗೆ ಬರುತ್ತದೆ! ಕಂಪ್ಯೂಟರಿಗೆ ಮನುಷ್ಯ ಯಾರು, ಗೋಡೆ ಯಾವುದು ಅಂತ ತಿಳಿಯದು. ಅರ್ಧಕ್ಕಿಂತ ಹೆಚ್ಚು ಹೊತ್ತು ಇದ್ದದ್ದೇ ಅದರ ಪಾಲಿಗೆ ಗೋಡೆ.

ಈ ಮಾತಿಗೆ ಎಷ್ಟು ಚಂದದ ಸಾಕ್ಷಿ ಇದೆ ಗೊತ್ತೇ? 1838ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಲೂಯಿ ಡಗೆರ್ ಎಂಬವರು ಕಿಟಕಿಯಿಂದ ಕೆಳಗಿನ ಬೀದಿಯ ಫೋಟೊ ತೆಗೆದರು. ಬೂಲ್ವಾರ್ ದ್ಯು ಟಾಂಪ್ಲ್ ಎಂಬ ಆ ಬೀದಿಯಲ್ಲಿ ಜನವೋ ಜನ, ಕುದುರೆ ಗಾಡಿಗಳು. ಆಗಿನ ಕ್ಯಾಮೆರಾಕ್ಕೆ ಒಂದು ಚಿತ್ರ ಮೂಡಿಸಲು ಹಲವಾರು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ನಡೆಯುವವರು, ಓಡುವ ಗಾಡಿಗಳು ಒಂದೊಂದು ಜಾಗದಲ್ಲಿ ಕ್ಷಣಕಾಲ ಮಾತ್ರ ಇದ್ದು ಹೋದದ್ದರಿಂದ ಅವರ ಗುರುತೇ ಬೀಳಲಿಲ್ಲ. ಚಿತ್ರದಲ್ಲಿ ಬೀದಿ ಬಿಕೋ ಅನ್ನುತ್ತದೆ. ಆದರೆ ಕೆಳಗಿನ ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ, ಒಂದು ಕಾಲು ಎತ್ತಿಟ್ಟುಕೊಂಡು ನಿಂತಿದ್ದಾನೆ. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ. ಅಲುಗಾಡದೆ ನಿಂತನಲ್ಲ, ಅದಕ್ಕೇ ಚಿತ್ರದಲ್ಲಿ ಉಳಿದುಕೊಂಡ! ನಮ್ಮ ನೋಟಿಸ್ ಬೋರ್ಡಿನವರೂ ಉಳಿದುಕೊಳ್ಳುವುದು ಹೀಗೆಯೇ.

ಇಂಥ ಕಡೆ ಮಧ್ಯಾಂಕವನ್ನು ನಂಬಿ ಕೂರಲಾಗದು. ನೋಟಿಸ್ ಬೋರ್ಡಿನ ಆ ತುಂಡನ್ನು, ಅವರು ಅಲ್ಲಿಗೆ ಬರುವ ಮೊದಲಿನ ಒಂದು ಫ್ರೇಮಿನಿಂದ ನಾವೇ ಕತ್ತರಿಸಿ ತಂದು ಅಂಟಿಸಬೇಕು. ಶೂಟಿಂಗ್ ಮಾಡುವವರು ಇನ್ನೂ ಜಾಣರು. ದೃಶ್ಯ ಮುಗಿದ ಕೂಡಲೇ, ಕ್ಯಾಮೆರಾವನ್ನು ಮುಟ್ಟದೆ, ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಖಾಲಿ ಜಾಗವನ್ನು ಇನ್ನೂ ಅರ್ಧ ನಿಮಿಷ ಚಿತ್ರಿಸಿಕೊಳ್ಳುತ್ತಾರೆ. ‘ಆಮೇಲೆ ಮಾಡಿದರಾಯಿತು’ ಅಂತ ಊಟಕ್ಕೆ ಹೋಗುವುದಿಲ್ಲ. ಸೂರ್ಯ ಆಕಾಶದಲ್ಲಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಊಟ ಮಾಡಿ ಬರುವಷ್ಟರಲ್ಲಿ ಕೊಂಬೆಯ ನೆರಳು ಗೋಡೆಯ ಬೇರೆ ಕಡೆಗೆ ಹೋಗಿರುತ್ತದೆ.

ಸರಿ, ಖಾಲಿ ಗೋಡೆಯ ಪ್ಲೇಟು ಸಿಕ್ಕಿತು. ಅದನ್ನು ಇಡೀ ವೀಡಿಯೊದ ಮೇಲೆ ಹೊದಿಸಿಬಿಟ್ಟರೆ ಪದ್ಯ ಹೇಳುವ ಹುಡುಗಿಯ ಬಾಯಿಯೂ ಆಡುವುದಿಲ್ಲ, ಜಡೆಯೂ ತೂಗುವುದಿಲ್ಲ. ಪ್ಲೇಟು ಒಂದು ನಿಂತ ಚಿತ್ರವಷ್ಟೇ. ಅದನ್ನು ದಾರಿಹೋಕರು ಇದ್ದಷ್ಟು ಜಾಗಕ್ಕೆ ಮಾತ್ರ ತೇಪೆ ಹಾಕಬೇಕು. ಆ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಪ್ರತಿ ಫ್ರೇಮಿನಲ್ಲೂ ಗೆರೆ ಎಳೆದು ತೋರಿಸುವುದಕ್ಕೆ ಮಾಸ್ಕ್ ಅನ್ನುತ್ತಾರೆ.

ಮಾಸ್ಕ್ ಮಾಡಲು ಕಂಪ್ಯೂಟರಿನಿಂದ ಕಳೆಯುವ ಲೆಕ್ಕ ಮಾಡಿಸಬಹುದು. ಫ್ರೇಮಿನ ಅಂಕಿ, ಪ್ಲೇಟಿನ ಅಂಕಿ ಇವೆರಡರಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬರೀ ಗೋಡೆ ಇರುವಲ್ಲಿ 182 ಮತ್ತು 181ರ ನಡುವೆ ವ್ಯತ್ಯಾಸ 1, ಅಂದರೆ ಹೆಚ್ಚುಕಡಿಮೆ ಕಪ್ಪು. ಅಂಗಿ ಇರುವಲ್ಲಿ 62 ಮತ್ತು 181ರ ನಡುವೆ 119, ಅಂದರೆ ಎದ್ದು ಕಾಣುವ ಬೆಳಕು. ವ್ಯತ್ಯಾಸ 20 ದಾಟಿದಲ್ಲೆಲ್ಲ ಮನುಷ್ಯ ಅಂತ ತಿಳಿ ಎಂದು ಕಂಪ್ಯೂಟರಿಗೆ ಹೇಳಿದರೆ ಆಯಿತು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಅಂಗಿ ನಡೆದು ಹೋಗುವುದನ್ನು ನೋಡಲು ಎಷ್ಟು ಸೊಗಸು! ಅಂಗಿ ಯಾಕೆ ಅಂದೆ ಅಂದರೆ, ಪಂಚೆ ಕಾಣುವುದಿಲ್ಲ. ಸುಣ್ಣದ ಗೋಡೆಯ ಮುಂದೆ ಬಿಳಿ ಪಂಚೆ, ಅದರ ಹೊಳಪು 190. ಕಳೆದರೆ 9 ಮಾತ್ರ. ಕಂಪ್ಯೂಟರಿಗೆ ಅದು ಗೋಡೆ ಅಂತಲೇ ಅನಿಸುತ್ತದೆ. ಹಾಗೇ ಬಿಟ್ಟರೆ ಅಂಗಿ ಮಾಯವಾಗಿ, ಒಂದು ಪಂಚೆ ತಾನೇ ನಡೆದುಕೊಂಡು ಹೋಗುತ್ತದೆ. ಹಾಗಾಗಿ ಅಲ್ಲಿ ಕೈಯಿಂದಲೇ ಗೆರೆ ಎಳೆಯಬೇಕು.

ಈ ಕಳೆಯುವ ಲೆಕ್ಕದಿಂದ ಇನ್ನೊಂದು ಲಾಭವಿದೆ. ಕ್ಯಾಮೆರಾ ನಿಜವಾಗಿ ಕದಲದೆ ಇತ್ತೇ ಅನ್ನುವುದನ್ನು ಅದು ಹೇಳಿಬಿಡುತ್ತದೆ. ಗಾಳಿಗೆ ಮುಕ್ಕಾಲಿ ಕೂದಲೆಳೆಯಷ್ಟು ಅಲುಗಿದ್ದರೂ ಬೋರ್ಡಿನ ಚೌಕಟ್ಟು, ಗೋಡೆಯ ಅಂಚು ಇವೆಲ್ಲ ತೆಳುವಾದ ಬೆಳಕಿನ ಗೆರೆಗಳಾಗಿ ಮೂಡುತ್ತವೆ. ಆಗ ಮೊದಲು ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಸರಿಯಾಗಿ ಹೊಂದಿಸಿಕೊಂಡು ಮತ್ತೆ ಶುರುಮಾಡಬೇಕು. ಗೆರೆಗಳಿಲ್ಲದೆ ಇಡೀ ಗೋಡೆಯೇ ಒಂದೇ ಸಮನೆ ಬೆಳಗಿದರೆ, ಮೋಡ ಬಂದು ಬಿಸಿಲು ಬದಲಾಗಿದೆ, ಅಥವಾ ಕ್ಯಾಮೆರಾ ತಾನಾಗಿಯೇ ಬೆಳಕನ್ನು ಹೆಚ್ಚು ಕಡಿಮೆ ಮಾಡಿಕೊಂಡಿದೆ ಅಂತ ಅರ್ಥ.

ಗೆರೆ ಎಳೆಯುವಾಗ ದೊಡ್ಡವರೂ ಮರೆತುಬಿಡುವ ಒಂದು ವಸ್ತು ಇದೆ. ಏನಿರಬಹುದು, ಹೇಳಿ? ನೆರಳು! ಬೆಳಗಿನ ಬಿಸಿಲಲ್ಲಿ ದಾರಿಹೋಕರ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಒಮ್ಮೊಮ್ಮೆ ಗೋಡೆಯನ್ನೂ ಹತ್ತಿರುತ್ತದೆ. ಮನುಷ್ಯನನ್ನು ಅಳಿಸಿ ನೆರಳನ್ನು ಬಿಟ್ಟರೆ, ಯಾರೂ ಇಲ್ಲದ ಅಂಗಳದಲ್ಲಿ ನೆರಳೊಂದೇ ನಡೆದು ಹೋಗುತ್ತದೆ. ಮಳೆ ನಿಂತ ಹೊತ್ತಾದರೆ ನೀರಿನ ಗುಂಡಿಯಲ್ಲಿ ಅವರ ಪ್ರತಿಬಿಂಬವೂ ಇರುತ್ತದೆ. ನೆರಳಿನ ಅಂಚು ಗಟ್ಟಿ ಗೆರೆಯಂತೆ ಇರುವುದಿಲ್ಲ, ನಿಧಾನಕ್ಕೆ ಕರಗಿ ನೆಲದಲ್ಲಿ ಸೇರಿರುತ್ತದೆ. ಅದಕ್ಕೇ ಮಾಸ್ಕನ್ನು ಬೇಕಾದ್ದಕ್ಕಿಂತ ಸ್ವಲ್ಪ ಅಗಲ ಮಾಡಿ, ಅಂಚನ್ನು ಮೆತ್ತಗೆ ಮಸುಕಾಗಿಸುತ್ತಾರೆ. ತೇಪೆ ಎಲ್ಲಿ ಮುಗಿಯಿತು, ಅಸಲಿ ಗೋಡೆ ಎಲ್ಲಿ ಶುರುವಾಯಿತು ಅಂತ ಆಗ ಕಣ್ಣಿಗೆ ಸಿಗುವುದಿಲ್ಲ.

ಅವರು ಹುಡುಗಿಯ ಹಿಂದೆ ಹಾಯುವಾಗ ಮಾತ್ರ ಅಗಲ ಮಾಡುವಂತಿಲ್ಲ. ಅಲ್ಲಿ ತೇಪೆ ಅವಳ ಕೆನ್ನೆಯ ಅಂಚಿಗೆ, ಜಡೆಯ ಅಂಚಿಗೆ ಸರಿಯಾಗಿ ನಿಲ್ಲಬೇಕು. ಒಂದು ಪಿಕ್ಸೆಲ್ ಒಳಗೆ ಬಂದರೆ ಅವಳ ಕಿವಿಯೋಲೆ ಗೋಡೆಯ ಪಾಲಾಗುತ್ತದೆ. ಗಾಳಿಗೆ ಹಾರುವ ನವಿರು ಕೂದಲಂತೂ ಬಹಳ ಕಷ್ಟ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಈ ಹಾಯುವಿಕೆಗೇ. ಕೆಲಸಗಾರರು ಒಂದೊಂದು ಫ್ರೇಮನ್ನೂ ದೊಡ್ಡದು ಮಾಡಿ, ಕೂದಲ ಗೊಂಚಲು ಗೊಂಚಲಿಗೂ ಗೆರೆ ಎಳೆಯುತ್ತಾರೆ. ಅವರ ತಾಳ್ಮೆ ಕಂಡರೆ ನನಗೆ ಬಹಳ ಗೌರವ.

ಈಗ ಮತ್ತೆ ನಮ್ಮ ಐದು ಅಂಕಿಗಳ ಕಡೆ ಬನ್ನಿ. ಗೋಡೆ ಬದಲಾಗಲಿಲ್ಲ, ಬಿಸಿಲೂ ಬದಲಾಗಲಿಲ್ಲ. ಹಾಗಿದ್ದರೆ 180, 181, 182, 183 ಅಂತ ಯಾಕೆ ಬೇರೆ ಬೇರೆ ಬಂತು? ಕ್ಯಾಮೆರಾದ ಒಳಗಿನ ಬೆಳಕು ಅಳೆಯುವ ಚಿಪ್ ಪ್ರತಿ ಸಲವೂ ಒಂಚೂರು ಆಚೀಚೆ ಅಳೆಯುತ್ತದೆ. ಹಾಗಾಗಿ ಎಲ್ಲ ವೀಡಿಯೊದಲ್ಲೂ ಬಲು ನವಿರಾದ ಕಾಳುಕಾಳು ಮಿಣುಕು ಇರುತ್ತದೆ, ಅದಕ್ಕೆ ಗ್ರೇನ್ ಅನ್ನುತ್ತಾರೆ. ನಡುವಿನ ಅಂಕಿಯನ್ನು ಎತ್ತಿಕೊಂಡಾಗ ಈ ಮಿಣುಕು ಹೆಚ್ಚುಕಡಿಮೆ ಅಡಗಿಹೋಗುತ್ತದೆ. ತೇಪೆ ನಯವಾಗಿ, ಸತ್ತಂತೆ ಸುಮ್ಮನೆ ಇರುತ್ತದೆ. ಸುತ್ತಲಿನ ಗೋಡೆ ಮಾತ್ರ ಮಿಣುಕುತ್ತಿರುತ್ತದೆ. ಒಂದೇ ಫ್ರೇಮನ್ನು ನಿಲ್ಲಿಸಿ ನೋಡಿದರೆ ಇದು ಗೊತ್ತಾಗದು. ಓಡಿಸಿ ನೋಡಿದರೆ, ಮನುಷ್ಯನ ಆಕಾರದ ಒಂದು ಸ್ತಬ್ಧ ಕಲೆ ಗೋಡೆಯ ಮೇಲೆ ಜಾರಿಕೊಂಡು ಹೋಗುವುದು ಕಾಣುತ್ತದೆ. ಅದಕ್ಕಾಗಿ ತೇಪೆಯ ಮೇಲೆ ಅಷ್ಟೇ ಪ್ರಮಾಣದ ಗ್ರೇನನ್ನು ಮತ್ತೆ ಉದುರಿಸುತ್ತಾರೆ. ಕ್ಯಾಮೆರಾದ ಕೊರತೆಯನ್ನು ಬೇಕೆಂದೇ ಮತ್ತೆ ತಂದು ಹಾಕುವುದು! ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಕೊನೆಗೆ ಬೇವಿನ ಕೊಂಬೆ ಉಳಿಯಿತು. ಎಲೆಗಳು ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ. ಒಂದೇ ಪಿಕ್ಸೆಲ್ ಒಮ್ಮೆ ಎಲೆ, ಒಮ್ಮೆ ಆಕಾಶ, ಒಮ್ಮೆ ಗೋಡೆ ನೋಡುತ್ತದೆ. ಅಲ್ಲಿ ನಡುವಿನ ಅಂಕಿ ತೆಗೆದರೆ ಎಲೆಗಳ ಬದಲು ಹಸಿರು ಮುದ್ದೆ ಸಿಗುತ್ತದೆ. ಆದ್ದರಿಂದ ಕೊಂಬೆಯ ಬಳಿ ನಿಂತ ಚಿತ್ರದ ತೇಪೆ ಹಾಕುವುದಿಲ್ಲ, ಆಡುವ ತೇಪೆಯನ್ನೇ ಹಾಕುತ್ತಾರೆ. ದಾರಿಹೋಕರು ಬರುವ ಮೂರು ಸೆಕೆಂಡು ಮೊದಲು ಆ ಕೊಂಬೆ ಹೇಗೆ ಅಲುಗುತ್ತಿತ್ತೋ ಆ ವೀಡಿಯೊದ ತುಂಡನ್ನೇ ತಂದು, ಅವರು ದಾಟುವಷ್ಟು ಹೊತ್ತು ಅಲ್ಲಿ ಓಡಿಸುತ್ತಾರೆ. ಅದರಲ್ಲಿ ಗ್ರೇನ್ ಕೂಡ ತಾನಾಗಿಯೇ ಬಂದಿರುತ್ತದೆ.

ನಿಮಗೂ ಒಂದು ಲೆಕ್ಕ ಕೊಡುತ್ತೇನೆ. ಮೊಬೈಲನ್ನು ಪುಸ್ತಕಗಳ ರಾಶಿಗೆ ಒರಗಿಸಿ, ಅದು ಕದಲದಂತೆ ಇಟ್ಟು, ಒಂದು ಗೋಡೆಯ ಐದು ಫೋಟೊ ತೆಗೆದಿರಿ ಅನ್ನಿ. ನಿಮ್ಮ ಗೆಳತಿ ಒಂದು ಫೋಟೊದಲ್ಲಿ ಬಾಗಿಲ ಪಕ್ಕ, ಒಂದರಲ್ಲಿ ಗೋಡೆಯ ನಡುವೆ, ಹೀಗೆ ಜಾಗ ಬದಲಿಸುತ್ತಾ ನಿಂತಳು. ಆದರೆ ಎರಡು ಫೋಟೊಗಳಲ್ಲಿ ಮರೆತು ಒಂದೇ ಜಾಗದಲ್ಲಿ ನಿಂತುಬಿಟ್ಟಳು. ಗೋಡೆಯ ಹೊಳಪು 180ರ ಆಸುಪಾಸು, ಅವಳ ಲಂಗದ ಹೊಳಪು 90ರ ಆಸುಪಾಸು. ಆ ಜಾಗದ ಐದು ಅಂಕಿಗಳನ್ನು ಬರೆದು ಸಾಲಾಗಿ ನಿಲ್ಲಿಸಿ. ನಡುವಿನದು ಗೋಡೆಯೋ, ಲಂಗವೋ? ಮೂರು ಫೋಟೊಗಳಲ್ಲಿ ಅಲ್ಲೇ ನಿಂತಿದ್ದರೆ? ಹಾಗಾದಾಗ ಅವಳನ್ನು ಅಳಿಸಲು ಇನ್ನೂ ಎಷ್ಟು ಫೋಟೊ ತೆಗೆಯಬೇಕು?